ಬನ್ನಿ ಕೊಡುವ ಕೈಗೆ ಬೆಳಕು

ದಸರೆಯ ಸಂಜೆ ನೆಂಟರು ಬನ್ನಿ ಹಿಡಿದು ಬರುವ ಹೊತ್ತಿಗೆ ಪಡಸಾಲೆಯಲ್ಲೊಂದು ಫೋಟೊ ಮೂಲೆ ಮಾಡುವವರು ಮೊದಲು ಕೈಹಾಕುವುದು ಹಿಂದಿನ ಪರದೆಗೆ. ಮಿಂಚಿನ ಜಾಲರಿ, ಬಲೂನು, ಶುಭಾಶಯದ ಫ್ಲೆಕ್ಸ್ ಎಲ್ಲ ಬರುತ್ತವೆ. ಬೆಳಕಿನ ಕೆಲಸ ಮಾತ್ರ ಗೋಡೆಯ ಮೇಲಿನ ಟ್ಯೂಬ್‌ಲೈಟಿಗೇ ಉಳಿಯುತ್ತದೆ. ಈ ಕ್ರಮ ತಿರುವುಮುರುವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಸಾಲಾಗಿ ನಿಂತ ಫೋಟೊ ಯಾವ ಮದುವೆಯಲ್ಲೂ ಸಿಗುತ್ತದೆ. ಬನ್ನಿ ಹಬ್ಬದ್ದೇ ಆದ ಗಳಿಗೆ ಬೇರೆ: ಕಿರಿಯರು ಹಿರಿಯರ ಅಂಗೈಗೆ ಎಲೆ ಇಟ್ಟು, ‘ಬಂಗಾರ ತಗೊಂಡು ಬಂಗಾರದಂಗ ಇರೂಣು’ ಎಂದು ಕಾಲಿಗೆ ಬಾಗುವುದು. ಮೇಲಿನಿಂದಲೇ ಬೆಳಕು ಬಿದ್ದರೆ ಬಾಗಿದವರ ಮುಖ ಅವರದೇ ತಲೆಯ ನೆರಳಿನಲ್ಲಿ ಮುಳುಗುತ್ತದೆ. ಪರದೆ ಎಷ್ಟೇ ಚೆಂದವಿರಲಿ, ಮುಖ ಕಾಣದಿದ್ದರೆ ಆ ಫೋಟೊ ಯಾತಕ್ಕೆ?

ಆದ್ದರಿಂದ ದೀಪವನ್ನು ಕೆಳಗಿಳಿಸಬೇಕು, ದೊಡ್ಡದು ಮಾಡಬೇಕು. ಹಿರಿಯರ ಕುರ್ಚಿ ಚಿತ್ರದ ಎಡಕ್ಕಿರಲಿ, ತುಸು ಕ್ಯಾಮೆರಾದ ಕಡೆ ತಿರುಗಿರಲಿ. ಕುರ್ಚಿಯಿಂದ ಐದಡಿ ಮುಂದೆ, ಕ್ಯಾಮೆರಾದ ಎಡಕ್ಕೆ ಹಗ್ಗ ಕಟ್ಟಿ, ತೆಳು ಬಿಳಿ ಧೋತರವನ್ನು ಒಂದೇ ಪದರವಾಗಿ ನೆಲ ಮುಟ್ಟುವಂತೆ ಇಳಿಬಿಡಿ. ಅದರ ಹಿಂದೆ ಎರಡಡಿ ದೂರದಲ್ಲಿ, ಮೂರೂವರೆ ಅಡಿ ಎತ್ತರಕ್ಕೆ, ಒಂದೇ ಬಣ್ಣದ ಇಪ್ಪತ್ತು ವ್ಯಾಟಿನ ಎರಡು ಎಲ್‌ಇಡಿ ಬಲ್ಬು ಸಾಕು. ಆಗ ಬಲ್ಬಿನ ಬದಲು ಇಡೀ ಧೋತರವೇ ದೀಪವಾಗುತ್ತದೆ. ಬೆಳಕಿನ ಮೂಲ ಹಿಗ್ಗಿದಷ್ಟೂ ನೆರಳಿನ ಅಂಚು ಮೆತ್ತಗಾಗುತ್ತದೆ. ಹ್ಯಾಲೋಜನ್ ದೀಪ ಬಟ್ಟೆಯ ಹತ್ತಿರ ಬರಲೇಬಾರದು, ಅದರ ಕಾವಿಗೆ ಬಟ್ಟೆ ಹೊತ್ತಿಕೊಳ್ಳಬಹುದು. ಕುರ್ಚಿಯ ಮುಂದೆ ನೆಲಕ್ಕೊಂದು ಬಿಳಿ ಹಾಸು ಹಾಸಿದರೆ ಬೆಳಕು ಅದಕ್ಕೆ ಬಡಿದು ಮೇಲೇರಿ ಬಾಗಿದ ಮುಖವನ್ನು ತಲುಪುತ್ತದೆ. ನನ್ನ ಪಾಲಿಗೆ ಇಡೀ ಏರ್ಪಾಟಿನಲ್ಲಿ ಬಿಡಲಾಗದ್ದು ಈ ಹಾಸು. ನೆಂಟರು ಬರುವ ಮೊದಲು ಮನೆಯವರೊಬ್ಬರನ್ನು ಅಲ್ಲಿ ನಿಲ್ಲಿಸಿ, ಬಾಗಿಸಿ ನೋಡಿ: ನಿಂತಾಗ ಮೂಗಿನ ನೆರಳು ತುಟಿ ದಾಟಿದರೆ ದೀಪ ಎತ್ತರವಾಗಿದೆ, ಬಾಗಿದಾಗ ಕಣ್ಣಿನಲ್ಲಿ ಬೆಳಕಿನ ಹೊಳಪು ಕಾಣದಿದ್ದರೆ ಹಾಸು ಹತ್ತಿರ ಬರಬೇಕು. ಉಳಿದ ಟ್ಯೂಬ್‌ಲೈಟುಗಳನ್ನು ಆರಿಸಿ. ಬೇರೆ ಬಣ್ಣದ ಬೆಳಕು ಬೆರೆತರೆ ಒಂದು ಕೆನ್ನೆ ಹಳದಿ, ಇನ್ನೊಂದು ನೀಲಿಯಾಗುತ್ತದೆ, ಅದನ್ನು ಆಮೇಲೆ ತಿದ್ದುವುದು ಕಷ್ಟ.

ರಿಂಗ್ ಲೈಟ್ ಇರುವಾಗ ಇಷ್ಟೆಲ್ಲ ಯಾಕೆ ಎನ್ನುವವರಿದ್ದಾರೆ. ಒಬ್ಬರೇ ಕೂತು ವಿಡಿಯೊ ಮಾಡುವುದಕ್ಕೆ ಅದು ಒಳ್ಳೆಯದೇ. ಆದರೆ ದೀಪದಿಂದ ದೂರ ಇಮ್ಮಡಿಯಾದರೆ ಬೆಳಕು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಮೂರಡಿಯಲ್ಲಿ ಕೂತ ಮೊಮ್ಮಗಳು ಬೆಳ್ಳಗೆ ಸುಟ್ಟುಹೋಗಿ, ಆರಡಿಯಲ್ಲಿರುವ ಅಜ್ಜಿ ಕತ್ತಲಲ್ಲಿ ಉಳಿಯುವುದು ಹೀಗೆಯೇ. ಮೇಲಾಗಿ ಅಜ್ಜನ ಕನ್ನಡಕದಲ್ಲಿ ಎರಡು ಬಿಳಿ ಬಳೆ ಮೂಡುತ್ತವೆ. ಫೋನಿನ ರಾತ್ರಿ ಮೋಡ್ ಸಾಕೆಂಬ ಮಾತಿಗೂ ಇದೇ ಬಗೆಯ ಉತ್ತರ: ಅದು ಹೆಚ್ಚು ಹೊತ್ತು ಬೆಳಕನ್ನು ಕೂಡಿಸಿ ಒಂದು ಚಿತ್ರ ಮಾಡುತ್ತದೆ, ಅಷ್ಟರಲ್ಲಿ ಎಲೆ ಕೊಡುವ ಕೈ ಸರಿದು ಮಸುಕಾಗುತ್ತದೆ.

ಪರದೆಯ ಮಾತು ಇನ್ನು. ಫ್ಲೆಕ್ಸಿನ ನುಣುಪು ದೀಪವನ್ನೇ ತಿರುಗಿ ಎಸೆಯುತ್ತದೆ, ಅಕ್ಷರಗಳನ್ನು ತಲೆಗಳು ಮುಚ್ಚುತ್ತವೆ. ತಿಕೋಟಾ, ಬಬಲೇಶ್ವರದ ತೋಟದ ಮನೆಗಳಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡಿನ ಹಸಿರು ನೆಟ್ ಕೈಗೆ ಸಿಗುತ್ತದೆಂದು ಅದನ್ನೇ ಕಟ್ಟುವ ಆಸೆಯಾಗಬಹುದು. ಹಗಲಲ್ಲಿ ಬಿಸಿಲು ಅದರಿಂದ ಸೋಸಿ ಬಂದರೆ ಎಲ್ಲರ ಮೈಬಣ್ಣ ಹಸಿರಾಗುತ್ತದೆ. ಕಡುಬಣ್ಣದ ಮೂರು ಹತ್ತಿಯ ಇಳಕಲ್ ಸೀರೆಗಳು ಇವೆಲ್ಲಕ್ಕಿಂತ ಮೇಲು: ಪಕ್ಕಪಕ್ಕಕ್ಕೆ ಇಳಿಬಿಟ್ಟರೆ ಸುಮಾರು ಹತ್ತಡಿ ಅಗಲ, ಹೊಳಪು ಕಡಿಮೆ, ಮುಖಗಳು ಎದ್ದು ಕಾಣುತ್ತವೆ. ಅಡ್ಡಡ್ಡ ಕಟ್ಟಿದರೆ ಸೀರೆಯ ದಡಿ ಕುತ್ತಿಗೆಯ ಹಿಂದೆ ಗೆರೆ ಎಳೆದಂತಾಗುತ್ತದೆ, ಉದ್ದುದ್ದವೇ ಇರಲಿ. ಹಬ್ಬದ ಸೀರೆ ಹಾಳಾದೀತೆಂಬ ಆತಂಕ ನ್ಯಾಯವಾದದ್ದು. ಪಿನ್ನು ಚುಚ್ಚದೆ ಬಿದಿರಿನ ಗಳದ ಮೇಲೆ ಮಡಚಿ ಹಾಕಿದರೆ ಆ ಭಯವಿಲ್ಲ. ಜನರು ಪರದೆಯಿಂದ ನಾಲ್ಕಡಿ ಮುಂದಿರಬೇಕು, ಇಲ್ಲವಾದರೆ ಅವರ ನೆರಳು ಸೀರೆಯ ಮೇಲೆ ಬೀಳುತ್ತದೆ.

ಕೈಗೆ ಕೊಡುವ ವಸ್ತುಗಳಲ್ಲಿ ನಾನು ಕಟ್ಟುನಿಟ್ಟು. ರಟ್ಟಿನ ಮೀಸೆ, ಚೌಕಟ್ಟು ಹಿಡಿದ ಕೈಗೆ ಬನ್ನಿ ಹಿಡಿಯಲು ಜಾಗವಿರುವುದಿಲ್ಲ. ಮಕ್ಕಳು ಖುಷಿಪಡುತ್ತಾರಲ್ಲ ಎಂದರೆ, ಅವರಿಗೆ ಹಿತ್ತಾಳೆ ತಟ್ಟೆಯ ತುಂಬ ಬನ್ನಿ ಕೊಟ್ಟು ಹಂಚಲು ಬಿಡಿ, ಆ ಓಡಾಟವೇ ಚಿತ್ರಕ್ಕೆ ಬರುತ್ತದೆ. ಸ್ಟೀಲಿನ ತಟ್ಟೆ ಬೇಡ, ಅದರ ಬಿಳಿ ಹೊಳಪು ಕಣ್ಣಿಗೆ ಹೊಡೆಯುತ್ತದೆ. ಫೋನನ್ನು ಕೂತ ಹಿರಿಯರ ಕಣ್ಣಿನ ಮಟ್ಟಕ್ಕೆ, ಎಂಟಡಿ ದೂರದಲ್ಲಿ ಸ್ಟ್ಯಾಂಡಿಗೆ ಕಟ್ಟಿ. ಹತ್ತಿರ ತಂದು ಅಗಲ ಲೆನ್ಸಿನಲ್ಲಿ ತೆಗೆದರೆ ಅಂಚಿನಲ್ಲಿದ್ದವರ ಮುಖ ಹಿಗ್ಗುತ್ತದೆ, ಮತ್ತು ಅಂಚಿಗೆ ಸರಿದು ನಿಲ್ಲುವವರು ಹೆಚ್ಚಾಗಿ ಮನೆಯ ಹೊಸ ಸೊಸೆಯೋ ದೂರದ ನೆಂಟರೋ ಆಗಿರುತ್ತಾರೆ.