ಐದು ಬಿಟ್‌ನ ಅಚ್ಚರಿ

ಗಿಟಾರಿನಲ್ಲಿ ಸಿ, ಎಫ್, ಜಿ ಕಾರ್ಡುಗಳನ್ನು ಒಂದೆರಡು ಸುತ್ತು ನುಡಿಸಿ, ಜಿ ಮೇಲೆ ಕೈ ತಡೆದು ನೋಡಿ. ಸಂಗೀತ ಕಲಿಯದವರ ಕಿವಿಯೂ ‘ಸಿ’ ಬರಲಿ ಎಂದು ಕಾಯುತ್ತದೆ. ಅಲ್ಲಿ ಎ ಮೈನರ್ ಬಂದುಬಿಟ್ಟರೆ ಮುಗಿಯಬೇಕಾದ ಸಾಲು ಮತ್ತೊಂದು ದಾರಿ ಹಿಡಿಯುತ್ತದೆ. ಪಾಶ್ಚಾತ್ಯ ಸಂಗೀತಗಾರರು ಇದನ್ನು ಡಿಸೆಪ್ಟಿವ್ ಕೇಡೆನ್ಸ್ ಎನ್ನುತ್ತಾರೆ. ನಮಗೆ ಮೋಸವಾಗಿದೆ, ಆದರೂ ಹಿತವೆನಿಸುತ್ತದೆ. ಅದೇ ಜಾಗದಲ್ಲಿ ಕೈಗೆ ಸಿಕ್ಕ ಯಾವುದೋ ಕಾರ್ಡು ನುಡಿಸಿದರೆ ಮಾತ್ರ ಮುಖ ಕಿವಿಚುತ್ತೇವೆ. ಎರಡೂ ಅನಿರೀಕ್ಷಿತವೇ, ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು?

ನಿರೀಕ್ಷೆ ತಡವಾದಾಗ, ತಪ್ಪಿದಾಗ ಭಾವ ಹುಟ್ಟುತ್ತದೆ ಎಂದು ಲಿಯೊನಾರ್ಡ್ ಮೇಯರ್ 1956ರಲ್ಲೇ ವಾದಿಸಿದ್ದರು. ಅದನ್ನು ಅಳೆಯುವ ದಾರಿಗಳಲ್ಲಿ ಒಂದು, ಲಂಡನ್ನಿನ ಸಂಶೋಧಕ ಮಾರ್ಕಸ್ ಪಿಯರ್ಸ್ ರೂಪಿಸಿದ ‘ಐಡಿಯಮ್’ ಎಂಬ ಗಣಕ ಮಾದರಿ. ಅದಕ್ಕೆ ಯಾರೂ ಸಂಗೀತಶಾಸ್ತ್ರ ಕಲಿಸುವುದಿಲ್ಲ. ನೂರಾರು ಹಾಡುಗಳನ್ನು ಉಣಿಸಿದರೆ, ಯಾವುದರ ಹಿಂದೆ ಯಾವುದು ಎಷ್ಟು ಸಲ ಬಂತು ಎಂದು ಅದು ಎಣಿಸುತ್ತದೆ. ಹಿಂದಿನ ಒಂದು ಸ್ವರವನ್ನಷ್ಟೇ ಅಲ್ಲ, ಎರಡು, ಮೂರು, ಇನ್ನೂ ಉದ್ದದ ತುಣುಕುಗಳನ್ನೂ ನೋಡಿ ಅಂದಾಜುಗಳನ್ನು ಬೆರೆಸುತ್ತದೆ. ಅದರ ಬಳಿ ಎರಡು ಖಾತೆಗಳಿವೆ: ಈವರೆಗೆ ಕೇಳಿದ ಎಲ್ಲ ಸಂಗೀತದ್ದು ಒಂದು, ಈಗ ಕೇಳುತ್ತಿರುವ ಹಾಡಿನದು ಇನ್ನೊಂದು.

ಮುಂದಿನ ಕಾರ್ಡು ಬರುವ ಮೊದಲೇ ಐಡಿಯಮ್ ಪ್ರತಿ ಸಾಧ್ಯತೆಗೂ ಒಂದು ಸಂಭಾವ್ಯತೆ ಕೊಟ್ಟಿರುತ್ತದೆ. ಬಂದದ್ದರ ಸಂಭಾವ್ಯತೆ ಅರ್ಧವಾಗಿದ್ದರೆ ಅಚ್ಚರಿ 1 ಬಿಟ್, ಕಾಲು ಇದ್ದರೆ 2 ಬಿಟ್, 32ರಲ್ಲಿ ಒಂದು ಇದ್ದರೆ 5 ಬಿಟ್.

ಆದರೆ ಅಚ್ಚರಿಯೊಂದನ್ನೇ ಅಳೆದರೆ ಸಾಲದು. ಲೆಕ್ಕಕ್ಕೆಂದು ಎರಡು ಸಂದರ್ಭ ಊಹಿಸಿಕೊಳ್ಳಿ. ಮೊದಲನೆಯದರಲ್ಲಿ 32ರಲ್ಲಿ 31 ಸಲ ಸಿ, ಒಂದು ಸಲ ಎ ಮೈನರ್. ಎರಡನೆಯದರಲ್ಲಿ 32 ಕಾರ್ಡುಗಳಿಗೂ ಸಮಾನ ಅವಕಾಶ. ಎ ಮೈನರ್ ಬಂದಾಗ ಎರಡೂ ಕಡೆ ಅಚ್ಚರಿ ಸರಿಯಾಗಿ 5 ಬಿಟ್. ಆದರೆ ಅದು ಬರುವ ಮುನ್ನಿನ ಅನಿಶ್ಚಿತತೆ ಬೇರೆಬೇರೆ: ಮೊದಲನೆಯದರಲ್ಲಿ ಸುಮಾರು 0.2 ಬಿಟ್, ಎರಡನೆಯದರಲ್ಲಿ 5 ಬಿಟ್. ಒಂದು ಕಡೆ ಗಟ್ಟಿ ನಂಬಿಕೆ ಮುರಿಯಿತು. ಇನ್ನೊಂದು ಕಡೆ ಮುರಿಯಲು ನಂಬಿಕೆಯೇ ಇರಲಿಲ್ಲ.

ವಿನ್ಸೆಂಟ್ ಚೆಯುಂಗ್ ಮತ್ತು ಸಂಗಡಿಗರು 2019ರಲ್ಲಿ ಪರೀಕ್ಷಿಸಿದ್ದು ಈ ವ್ಯತ್ಯಾಸವನ್ನೇ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ 745 ಪಾಪ್ ಹಾಡುಗಳಿಂದ ಸುಮಾರು 80,000 ಕಾರ್ಡುಗಳನ್ನು ತೆಗೆದುಕೊಂಡು ಮಾದರಿಯಿಂದ ಅವುಗಳ ಲೆಕ್ಕ ಹಾಕಿಸಿದರು. ಆಮೇಲೆ ಸಾಹಿತ್ಯ, ರಾಗ, ಲಯ ಎಲ್ಲವನ್ನೂ ಕಳಚಿ ಬರೀ ಕಾರ್ಡುಗಳ ಸಾಲುಗಳನ್ನು ಕೇಳಿಸಿ, ಎಷ್ಟು ಹಿತವಾಯಿತು ಎಂದು ಕೇಳುಗರಿಂದ ಅಂಕ ಪಡೆದರು. ಹಾಡಿನ ಗುರುತು ಹತ್ತಿ ಹಳೆಯ ನೆನಪು ಅಂಕ ಕೊಡಬಾರದು ಎಂಬುದೇ ಕಳಚಿದ್ದರ ಉದ್ದೇಶ. ಫಲಿತಾಂಶ ಎರಡು ತುದಿಗಳಲ್ಲಿತ್ತು. ಮುಂದೇನೆಂದು ಖಚಿತವಾಗಿದ್ದಾಗ ಬೇರೆಯದು ಬಂದರೆ ಹಿತ; ಏನೂ ತೋಚದೆ ಇದ್ದಾಗ ತಕ್ಕಮಟ್ಟಿಗೆ ಊಹಿಸಬಹುದಾದದ್ದು ಬಂದರೂ ಹಿತ. ಗೊಂದಲದ ಮೇಲೆ ಅಚ್ಚರಿ ಹೇರಿದರೆ ಮಾತ್ರ ರುಚಿಸುವುದಿಲ್ಲ. ಹಾಗಾಗಿ ಎ ಮೈನರ್ ಕೊಡುವ ಸುಖದ ಹೆಚ್ಚಿನ ಪಾಲು ಅದಕ್ಕಿಂತ ಮೊದಲು ಬಂದ ಸಿ, ಎಫ್, ಜಿಗಳದ್ದು. ಅವು ನಂಬಿಸದಿದ್ದರೆ ಅದು ಚಮಕ್ ಕೊಡಲಾರದು.

ನಂಬಿಕೆ ಹುಟ್ಟುವುದು ಕೇಳುಗರ ಖಾತೆಯಲ್ಲಿ ಏನಿದೆ ಎಂಬುದರಿಂದ. 1984ರಲ್ಲಿ ಕ್ಯಾಸ್ಟೆಲ್ಲಾನೊ, ಭರೂಚಾ, ಕ್ರುಮ್‌ಹ್ಯಾನ್ಸಲ್ ಅವರು ಹತ್ತು ಹಿಂದೂಸ್ತಾನಿ ರಾಗಗಳನ್ನು ಭಾರತೀಯ ಮತ್ತು ಪಾಶ್ಚಾತ್ಯ ಕೇಳುಗರಿಗೆ ಕೇಳಿಸಿ, ಪ್ರತಿ ಸ್ವರ ಅಲ್ಲಿಗೆ ಎಷ್ಟು ಹೊಂದುತ್ತದೆ ಎಂದು ಕೇಳಿದರು. ನುಡಿಸಿದ ಭಾಗದಲ್ಲಿ ಹೆಚ್ಚು ಹೊತ್ತು ನಿಂತ ಸ್ವರಗಳಿಗೆ ಎರಡೂ ಗುಂಪಿನವರು ಹೆಚ್ಚು ಅಂಕ ಕೊಟ್ಟರು. ಅಂದರೆ ಈ ಕ್ಷಣದ ಖಾತೆ ಎಲ್ಲರಲ್ಲೂ ಕೆಲಸ ಮಾಡುತ್ತಿತ್ತು. ಆದರೆ ರಾಗದ ಹಿಂದಿರುವ ಥಾಟ್‌ನ ಪ್ರಭಾವ ಕಂಡದ್ದು ಭಾರತೀಯರ ಅಂಕಗಳಲ್ಲಿ ಮಾತ್ರ. ಪಾಪ್ ಹಾಡು ಉಣಿಸಿದ ಮಾದರಿಯನ್ನು ತಂದು ಕಛೇರಿಗೆ ಕೂರಿಸಿದರೆ ಅದು ಬೇಡದ ಕಡೆ ಬೆಚ್ಚಿಬಿದ್ದೀತು.

ಕೊನೆಗೊಂದು ತಕರಾರು ಉಳಿಯುತ್ತದೆ: ಹಲವು ಸಲ ಕೇಳಿದ ಹಾಡಿನಲ್ಲಿ ಎ ಮೈನರ್ ಬರುವುದು ಗೊತ್ತೇ ಇದ್ದರೂ ಅದು ಯಾಕೆ ತಟ್ಟುತ್ತದೆ? ಭರೂಚಾ ಕೊಟ್ಟ ಉತ್ತರ ನನಗೆ ಒಪ್ಪಿಗೆ. ‘ಈ ಹಾಡು ಹೀಗೆ’ ಎಂಬ ನೆನಪು ಬೇರೆ, ‘ಹಾಡುಗಳು ಸಾಮಾನ್ಯವಾಗಿ ಹೀಗೆ’ ಎಂಬ ರೂಢಿ ಬೇರೆ. ರೂಢಿ ನೆನಪನ್ನು ಕೇಳಿ ನಡೆಯುವುದಿಲ್ಲ. ಸಾವಿರ ಹಾಡುಗಳಿಂದ ಗಟ್ಟಿಯಾದ ಆ ಎಣಿಕೆಯನ್ನು ಒಂದೇ ಹಾಡು, ಎಷ್ಟು ಸಲ ಕೇಳಿದರೂ, ಹೆಚ್ಚೇನೂ ಅಲುಗಿಸಲಾರದು. ಅದಕ್ಕೇ ನೆನಪು ಎಚ್ಚರಿಸಿದರೂ ರೂಢಿ ಪ್ರತಿ ಸಲವೂ ಸಿ ಬರಲೆಂದೇ ಕಾಯುತ್ತದೆ.