ಧಾರೆ ರವಿಕೆಯ ಮಾಸ್ಟರಿಗೆ



ಮಗಳ ಧಾರೆ ರವಿಕೆಯ ಮಗ್ಗಂ ವರ್ಕ್ ನೋಡಿ ಕಣ್ತುಂಬಿತು. ಬೆನ್ನಿನ ನವಿಲುಗರಿಗೆ ಜರ್ದೋಸಿ ಸುರುಳಿಯನ್ನು ಎಷ್ಟು ಸಣ್ಣಗೆ ಕತ್ತರಿಸಿ ಕೂರಿಸಿದ್ದೀರಿ! ಬೆರಳಾಡಿಸಿದರೆ ಎಲ್ಲೂ ಚುಚ್ಚುವುದಿಲ್ಲ.

ಆದರೆ ಕೈ ಎತ್ತಿದರೆ ಕಂಕುಳಲ್ಲಿ ಎಳೆಯುತ್ತದೆ. ಒಳಗೆ ಬಿಟ್ಟಿರುವ ಬಟ್ಟೆಯಲ್ಲಿ ಎರಡೂ ಪಕ್ಕ ಅರ್ಧರ್ಧ ಇಂಚು ಸಡಿಲ ಮಾಡಿಕೊಡಿ. ಕಸೂತಿಯಿಲ್ಲದ ಪಟ್ಟಿ ಹೊರಬಂದರೂ ತೋಳಿನ ಕೆಳಗೆ ಮರೆಯಾಗುತ್ತದೆ.

ಭುಜ ಜಾರುತ್ತಿದೆ, ಅಲ್ಲಿ ಕಾಲಿಂಚು ಹಿಡಿಯಬೇಕು. ಹೊಲಿಗೆ ಬೀಳುವ ಗೆರೆಯ ಮಣಿಗಳನ್ನು ಮೊದಲು ತೆಗೆಯಿರಿ, ಇಲ್ಲವಾದರೆ ಮೆಷಿನ್ ಸೂಜಿ ಮುರಿಯುತ್ತದೆ. ಆರಿ ಹೊಲಿಗೆ ಸರಪಳಿಯಂತೆ ಹೆಣೆದದ್ದು. ಒಂದು ಕಡೆ ದಾರ ಕತ್ತರಿಸಿದರೆ ಸಾಲೇ ಬಿಚ್ಚಿಕೊಳ್ಳುತ್ತದೆ. ಹಿಂಬದಿಯಲ್ಲಿ ದಾರದ ತುದಿಗೆ ಗಂಟು ಹಾಕಿ.

ಒಳಗಿನ ಲೈನಿಂಗ್ ಮುಚ್ಚುವ ಮೊದಲು ಹೇಳಿ ಕಳಿಸಿ, ಮಗಳಿಗೆ ತೊಡಿಸಿ ನೋಡೋಣ.