ಚಿಕ್ಕ ವಾಕ್ಯವೆಲ್ಲ ಸರಳ ವಾಕ್ಯವಲ್ಲ

ಕೊಡಗಿನ ಕಾಫಿ ತೋಟಗಳಿಗೆ ಅಸ್ಸಾಂ ಮುಂತಾದ ದೂರದ ರಾಜ್ಯಗಳಿಂದ ಬಂದು ದುಡಿಯುವವರು ಈಗ ಬಹಳ ಮಂದಿ. ಅವರಿಗೆ ಕನ್ನಡ ಹೊಸದು. ಕೆಲಸ ಹೇಳಿಕೊಡುವ ಮೇಸ್ತ್ರಿಗೂ ಎಷ್ಟೋ ವೇಳೆ ಕನ್ನಡ ಮನೆಮಾತಲ್ಲ. ಅವರ ಮನೆಯಲ್ಲಿ ಕೊಡವ ತಕ್ಕ್ ಇರಬಹುದು, ಅರೆಭಾಷೆ ಇರಬಹುದು, ತುಳು ಅಥವಾ ಮಲಯಾಳ ಇರಬಹುದು. ಇಂಥ ಕಡೆ ಹೊಸಬ ಕೇಳುವುದು ಒಂದೇ: "ನಿಧಾನ ಹೇಳಿ, ಸಣ್ಣದಾಗಿ ಹೇಳಿ." ಅದಕ್ಕೆ ನಾವು ಕೊಡುವ ಉತ್ತರಗಳು ನಿಜಕ್ಕೂ ಸರಳವೇ ಎಂಬುದನ್ನು ಒಂದು ಉದಾಹರಣೆ ಹಿಡಿದು ಪರೀಕ್ಷಿಸೋಣ.

ಕರಿಮೆಣಸಿನ ಬಳ್ಳಿಗೆ ಶೀಘ್ರ ಸೊರಗು ರೋಗ ತಗಲದಂತೆ ಮಳೆಗಾಲದ ಆರಂಭದಲ್ಲಿ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸುವುದು ವಾಡಿಕೆ. ಅದನ್ನು ತಯಾರಿಸುವುದು ಹೇಗೆಂದು ಹೊಸಬ ಕೇಳಿದ ಎಂದಿಟ್ಟುಕೊಳ್ಳಿ. ನಮ್ಮ ಕೃಷಿ ಕರಪತ್ರಗಳ ಧಾಟಿಯಲ್ಲಿ ಉತ್ತರ ಹೀಗಿರುತ್ತದೆ: "ಒಂದು ಕಿಲೋಗ್ರಾಂ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಿಕೊಂಡು, ಪ್ರತ್ಯೇಕವಾಗಿ ಒಂದು ಕಿಲೋಗ್ರಾಂ ಸುಟ್ಟ ಸುಣ್ಣವನ್ನು 50 ಲೀಟರ್ ನೀರಿನಲ್ಲಿ ಅರಳಿಸಿ ತಯಾರಿಸಿಟ್ಟುಕೊಂಡ ದ್ರಾವಣಕ್ಕೆ ಸತತವಾಗಿ ಕಲಕುತ್ತ ಸುರಿಯತಕ್ಕದ್ದು." ಕನ್ನಡಿಗನೇ ಇದನ್ನು ಎರಡು ಸಲ ಓದಬೇಕು. ಇದರ ತಪ್ಪು ಎಲ್ಲರಿಗೂ ಕಾಣುತ್ತದೆ, ಆದ್ದರಿಂದ ಅದನ್ನು ಬಿಡೋಣ. ಕಾಣದ ತಪ್ಪು ಇರುವುದು ಮೇಸ್ತ್ರಿಯ ಚಿಕ್ಕ ಉತ್ತರದಲ್ಲಿ: "ಸುಣ್ಣದ ನೀರಿಗೆ ತುತ್ತದ ನೀರು ಹಾಕಿ."

ಐದೇ ಪದ. ಎಲ್ಲವೂ ದಿನಬಳಕೆಯವು. 'ತುತ್ತ' ಎಂಬುದು ಹಿಂದಿಯ 'ತೂತಿಯಾ'ಕ್ಕೆ ಹತ್ತಿರವಾದ್ದರಿಂದ ಆ ಪದವೂ ಅವನಿಗೆ ತೊಡಕಲ್ಲ. ಆದರೂ ಅವನು ಇದನ್ನು ತಿರುವುಮುರುವಾಗಿ ಮಾಡಬಹುದು. ಕಾರಣ, ಯಾವುದರೊಳಕ್ಕೆ ಯಾವುದು ಹೋಗಬೇಕು ಎಂಬ ಸಂಗತಿ ಇಡೀ ವಾಕ್ಯದಲ್ಲಿ ಒಂದೇ ಒಂದು ಅಕ್ಷರದ ಮೇಲೆ ನಿಂತಿದೆ. ಅದು 'ನೀರಿಗೆ' ಎಂಬಲ್ಲಿಯ 'ಗೆ'. ಬರೆಯುವಾಗ 'ತುತ್ತದ ನೀರನ್ನು' ಎಂದು ದ್ವಿತೀಯಾ ವಿಭಕ್ತಿ ಹಾಕುತ್ತೇವೆ. ಮಾತಿನಲ್ಲಿ, ಅದರಲ್ಲೂ ನಿರ್ಜೀವ ವಸ್ತುಗಳಿಗೆ, ಅದನ್ನು ಬಿಟ್ಟೇ ಬಿಡುತ್ತೇವೆ. ಉಳಿದ 'ಗೆ' ಹೊಸಬನ ಕಿವಿಗೆ ಬೀಳುವುದೇ ಕಷ್ಟ. ಅವನು ಎರಡು ಹೆಸರುಗಳನ್ನು ಮಾತ್ರ ಹಿಡಿಯುತ್ತಾನೆ: ಮೊದಲು ಸುಣ್ಣ, ಆಮೇಲೆ ತುತ್ತ. ಮೊದಲು ಕೇಳಿದ್ದನ್ನು ಮೊದಲು ಎತ್ತಿಕೊಂಡು ಎರಡನೆಯದರೊಳಕ್ಕೆ ಸುರಿಯುತ್ತಾನೆ. ಇನ್ನೊಮ್ಮೆ ಅದೇ ಮೇಸ್ತ್ರಿ "ತುತ್ತದ ನೀರು ಸುಣ್ಣದ ನೀರಿಗೆ ಹಾಕಿ" ಎನ್ನುತ್ತಾರೆ. ನಮಗೆ ಎರಡೂ ಒಂದೇ. ಪದಗಳ ಸರದಿಯನ್ನೇ ನಂಬಿದವನಿಗೆ ಇವು ಎರಡು ಬೇರೆ ಆಜ್ಞೆಗಳು.

ಸರದಿ ತಪ್ಪಿದರೆ ಆಗುವ ನಷ್ಟ ಸಣ್ಣದಲ್ಲ. ತುತ್ತದ ದ್ರಾವಣವನ್ನು ಕಲಕುತ್ತ ಸುಣ್ಣಕ್ಕೆ ಸುರಿದಾಗ ಮಿಶ್ರಣ ಮೊದಲಿನಿಂದ ಕೊನೆಯವರೆಗೆ ಕ್ಷಾರೀಯವಾಗಿಯೇ ಇರುತ್ತದೆ. ತಾಮ್ರದ ನವಿರಾದ ನೀಲಿ ಕಣಗಳು ನೀರಿನಲ್ಲಿ ತೇಲಿಕೊಂಡಿರುತ್ತವೆ, ಎಲೆಗೆ ಚೆನ್ನಾಗಿ ಅಂಟುತ್ತವೆ. ಸುಣ್ಣವನ್ನು ತುತ್ತಕ್ಕೆ ಸುರಿದರೆ ಕಣಗಳು ದಪ್ಪವಾಗಿ ಬೇಗ ತಳಕ್ಕೆ ಇಳಿಯುತ್ತವೆ, ಸಿಂಪರಣೆಯ ನಳಿಕೆಯ ಬಾಯಿ ಕಟ್ಟಿಕೊಳ್ಳುತ್ತದೆ, ಎಲೆಗೆ ಹಿಡಿದದ್ದೂ ಮಳೆಗೆ ತೊಳೆದುಹೋಗುತ್ತದೆ. ಸುಣ್ಣ ಸಾಲದೆ ತಾಮ್ರ ಬಿಡಿಯಾಗಿ ಉಳಿದರೆ ಎಲೆ ಸುಡುವುದೂ ಉಂಟು.

ಹಾಗಾದರೆ ಸರಳ ಉತ್ತರ ಯಾವುದು? ವಿಭಕ್ತಿಯ ಹೊರೆಯನ್ನು ಒಂದೇ ವಾಕ್ಯದ ಮೇಲೆ ಹೇರದೆ ಮೂರು ವಾಕ್ಯಗಳಿಗೆ ಹಂಚಬೇಕು. "ಇದು ಸುಣ್ಣ. ಇದು ಇಲ್ಲೇ ಇರಲಿ. ತುತ್ತ ತನ್ನಿ, ಇದರ ಒಳಗೆ ಹಾಕಿ." ಪದಗಳ ಸಂಖ್ಯೆ ಹೆಚ್ಚಿತು, ಆದರೆ ಕೆಲಸ ಹಗುರಾಯಿತು. 'ಗೆ' ಬದಲು 'ಒಳಗೆ' ಎಂದದ್ದೂ ಬೇಕೆಂದೇ. ಹಿಂದಿಯಲ್ಲಿ ಇದೇ ಜಾಗದಲ್ಲಿ 'ಮೇಂ' ಬರುತ್ತದೆ, ಅದರ ಅರ್ಥ 'ಒಳಗೆ' ಎಂದೇ. 'ಒಳಗೆ' ಬಿಡಿಯಾದ ಪದವಾದ್ದರಿಂದ ಕಿವಿಗೂ ಸಿಗುತ್ತದೆ.

ಇಂಗ್ಲಿಷಿನಲ್ಲಿ ಬರಹದ ಸರಳತೆಯನ್ನು ಅಳೆಯಲು ರುಡಾಲ್ಫ್ ಫ್ಲೆಶ್ 1948ರಲ್ಲಿ ಕೊಟ್ಟ ಸೂತ್ರವೊಂದಿದೆ. ವಾಕ್ಯದಲ್ಲಿ ಪದಗಳು ಎಷ್ಟು, ಪದದಲ್ಲಿ ಉಚ್ಚಾರದ ತುಂಡುಗಳು ಎಷ್ಟು ಎಂಬುದೇ ಅದರ ಲೆಕ್ಕ. ನಮ್ಮಲ್ಲಿಯೂ 'ಚಿಕ್ಕ ವಾಕ್ಯ, ಚಿಕ್ಕ ಪದ' ಎಂಬ ಉಪದೇಶ ಕೇಳಿಬರುವುದುಂಟು. ಕನ್ನಡದ ಮಟ್ಟಿಗೆ ಅದು ಅರ್ಧ ಸತ್ಯ. ತೊಡಕು ಅಡಗಿರುವುದು ಪದದ ಉದ್ದದಲ್ಲಲ್ಲ, ಪದದ ಬಾಲದಲ್ಲಿ. 'ಸುಣ್ಣ ಹಾಕಿದ ನೀರು', 'ಸುಣ್ಣ ಹಾಕದ ನೀರು' - ಉದ್ದ ಒಂದೇ, ಪದಗಳೂ ಅವೇ. ನಡುವಿನ ಒಂದು ಸ್ವರ ಅರ್ಥವನ್ನು ಪೂರ್ತಿ ಮಗುಚಿಹಾಕುತ್ತದೆ. ಅವಸರದ ಮಾತಿನಲ್ಲಿ ಆ ಸ್ವರವೂ ಸವೆಯುತ್ತದೆ. ಬೇಡವೆನ್ನುವುದನ್ನು ಕ್ರಿಯಾಪದದ ಹೊಟ್ಟೆಯಲ್ಲಿ ಬಚ್ಚಿಡದೆ ಹೊರಗಿಟ್ಟರೆ ಸಾಕು: "ಕಬ್ಬಿಣದ ಬಕೆಟ್ ಬೇಡ. ಪ್ಲಾಸ್ಟಿಕ್ ಬಕೆಟ್ ತನ್ನಿ." 'ಬೇಡ' ಎಂಬುದು ಹೊಸಬ ಮೊದಲ ದಿನವೇ ಕಲಿಯುವ ಪದ. (ತುತ್ತದ ನೀರು ಕಬ್ಬಿಣವನ್ನು ತಿನ್ನುತ್ತದೆ, ಅದರಲ್ಲಿದ್ದ ತಾಮ್ರ ಬಕೆಟ್ಟಿಗೆ ಅಂಟಿ ವ್ಯರ್ಥವಾಗುತ್ತದೆ.)

ಮರ್ಯಾದೆಯ ರೂಪದಲ್ಲೂ ಒಂದು ಸಿಕ್ಕು ಇದೆ. 'ಹಾಕಿ' ಎಂದರೆ ಗೌರವದ ಆಜ್ಞೆ. 'ಹಾಕಿದ ಮೇಲೆ' ಎಂಬರ್ಥದಲ್ಲೂ ನಾವು ಅದೇ 'ಹಾಕಿ'ಯನ್ನು ಬಳಸುತ್ತೇವೆ. "ತುತ್ತ ಕರಗಿಸಿ ಹಾಕಿ ಕಲಕಿ ಚಾಕು ಅದ್ದಿ ನೋಡಿ" ಎಂದಾಗ ವಾಕ್ಯ ಎಲ್ಲಿ ಮುಗಿಯಿತೆಂದು ಹೊಸಬನಿಗೆ ತಿಳಿಯುವುದಿಲ್ಲ. 'ಹಾಕು' ಎಂದು ಏಕವಚನಕ್ಕೆ ಇಳಿದರೆ ಈ ಸಿಕ್ಕು ಬಿಡುತ್ತದೆ ನಿಜ. ಆದರೆ ಅವನು ಅದನ್ನೇ ಕಲಿತು ನಾಳೆ ಹಿರಿಯರ ಮುಂದೆ ಆಡಿದರೆ ಬೈಗುಳ ಅವನ ಪಾಲಿಗೆ. ಒಂದೊಂದು ಕ್ರಿಯೆಯ ನಂತರ ನಿಲ್ಲಿಸಿ, 'ಆಮೇಲೆ' ಎಂದು ಮುಂದುವರಿಸುವುದು ಮೇಲು.

'ಮೂವತ್ತು ದಿನಗಳಲ್ಲಿ ಕನ್ನಡ' ಎಂಬ ಬಗೆಯ ಪುಸ್ತಕಗಳ ಕೊರತೆಯೂ ಇಲ್ಲಿಯೇ ಇದೆ. ಅವು ಪ್ರಶ್ನೆ ಕೇಳುವುದನ್ನು ಕಲಿಸುತ್ತವೆ, ಬರುವ ಉತ್ತರವನ್ನು ಬಿಡಿಸಿಕೊಳ್ಳಲು ಕಲಿಸುವುದಿಲ್ಲ. ಅಲ್ಲಿಯ 'ಹೋಗುತ್ತೇನೆ' ತೋಟದಲ್ಲಿ 'ಹೋಗ್ತೀನಿ' ಆಗಿರುತ್ತದೆ. ಇನ್ನು ಕೆಲವರು ಸರಳಗೊಳಿಸುವುದೆಂದರೆ "ನೀನು ಸುಣ್ಣ ಹಾಕು ತುತ್ತ ಬೇಗ" ಎಂದು ಮುರುಕು ಕನ್ನಡ ಆಡುವುದು, ದನಿ ಏರಿಸುವುದು ಎಂದುಕೊಂಡಿದ್ದಾರೆ. ಹೊರಗಿನವರೊಡನೆ ಜನ ಆಡುವ ಇಂಥ ಮಾತನ್ನು ಭಾಷಾವಿಜ್ಞಾನಿ ಚಾರ್ಲ್ಸ್ ಫರ್ಗುಸನ್ 1970ರ ದಶಕದಲ್ಲೇ ಗುರುತಿಸಿ ವಿವರಿಸಿದ್ದರು. ಕನ್ನಡದಲ್ಲಿ ಇದರಿಂದ ವಿಶೇಷ ಹಾನಿ, ಏಕೆಂದರೆ ಮುರಿದಾಗ ಮೊದಲು ಉದುರುವುದು ವಿಭಕ್ತಿ ಪ್ರತ್ಯಯ, ಅರ್ಥ ನಿಂತಿರುವುದೂ ಅದರ ಮೇಲೆಯೇ.

ಉತ್ತರ ತಲುಪಿತೋ ಇಲ್ಲವೋ ತಿಳಿಯಲು "ಗೊತ್ತಾಯ್ತಾ?" ಎಂದು ಕೇಳಿ ಪ್ರಯೋಜನವಿಲ್ಲ. ತಿಳಿದವನೂ ತಿಳಿಯದವನೂ "ಹೂಂ" ಎನ್ನುತ್ತಾರೆ. "ಯಾವ ಬಕೆಟ್ ಎತ್ತುತ್ತೀರಿ? ತೋರಿಸಿ" ಎಂದರೆ ಒಂದೇ ಕ್ಷಣದಲ್ಲಿ ಗೊತ್ತಾಗುತ್ತದೆ.

ಎಲ್ಲವನ್ನೂ ಹೀಗೆ ತುಂಡರಿಸಲು ಬರುವುದಿಲ್ಲ. ಷರತ್ತಿನ ಮಾತು ಹೊಸಬನಿಗೆ ಬಹುಕಾಲ ಕಷ್ಟವೇ. ದ್ರಾವಣ ಹದವಾಗಿದೆಯೇ ಎಂದು ನೋಡಲು ಶುಭ್ರವಾದ ಚಾಕುವನ್ನು ಒಂದು ನಿಮಿಷ ಅದ್ದುತ್ತಾರೆ. ಅಲಗಿನ ಮೇಲೆ ಕೆಂಗಂದು ಲೇಪ ಕೂತರೆ ಬಿಡಿ ತಾಮ್ರ ಉಳಿದಿದೆ ಎಂದರ್ಥ, ಇನ್ನಷ್ಟು ಸುಣ್ಣ ಬೇಕು. "ಕೆಂಪಾದರೆ ಸುಣ್ಣ ಹಾಕಿ" ಎಂದರೆ 'ಆದರೆ' ಎಂಬಲ್ಲಿ ಅವನು ಎಡವುತ್ತಾನೆ. ಅವನು ಕಲಿತಿರುವ 'ಆದರೆ' ಬೇರೆಯದು. ಹೀಗೂ 'ಸ್ವಲ್ಪ ಸುಣ್ಣ' ಎಂದರೆ ಎಷ್ಟೆಂದು ಅವನಿಗೆ ತಿಳಿಯದು, ಚೊಂಬಿನ ಅಳತೆಯನ್ನೇ ಹೇಳಬೇಕು. ಷರತ್ತನ್ನು ಪ್ರಶ್ನೆಯಾಗಿ ಒಡೆಯಬಹುದು: "ಚಾಕು ನೋಡಿ. ಕೆಂಪು ಇದೆಯಾ? ಸುಣ್ಣದ ನೀರು ಹಾಕಿ, ಒಂದು ಚೊಂಬು. ಕಲಕಿ. ಚಾಕು ಒರೆಸಿ. ಆಮೇಲೆ ಮತ್ತೆ ನೋಡಿ."